ಬಾವಿಯೊಳಗೆ ಬಿದ್ದ ಮೂಲೆ

ಕಾಪುವಿನಿಂದ ಒಳಗೆ ಹೊರಟು, ಶಿರ್ವ ದಾಟಿ, ಬೆಳ್ಮಣ್ಣಿನ ದಿಕ್ಕಿಗೆ ಹೋದರೆ ಎಡಬಲಕ್ಕೆ ಎಷ್ಟೋ ಪಂಚಾಯತ್ ರಸ್ತೆಗಳು ಕವಲೊಡೆಯುತ್ತವೆ. ಅಂಥದ್ದರಲ್ಲಿ ಒಂದು. ಎಡಕ್ಕೆ ಮನೆ, ಅಂಗಳ, ಬಾವಿ. ಬಲಕ್ಕೆ ಗದ್ದೆ, ಗದ್ದೆಯಾಚೆ ತೋಡು, ತೋಡಿನಾಚೆ ಅಡಿಕೆ ತೋಟ. ಮಣ್ಣಿನ ರಸ್ತೆ ನೇರವಾಗಿ ಬಂದು, ಬಾವಿಯ ಹತ್ತಿರ ಥಟ್ಟನೆ ಬಲಕ್ಕೆ ಹೊರಳಿ, ಮತ್ತೆ ನೇರವಾಗಿ ಹೋಗುತ್ತಿತ್ತು. ಡಾಮರು ಬೀಳುವ ಮೊದಲು ಆ ಹೊರಳನ್ನು ಒಂದು ಸರಿಯಾದ ತಿರುವಾಗಿ ಮಾಡಬೇಕಿತ್ತು. ಎರಡೂ ನೇರ ಭಾಗಗಳಲ್ಲಿ ಕೆಂಪು ಬಿಳಿ ಪಟ್ಟೆಯ ರೇಂಜಿಂಗ್ ರಾಡ್ ನೆಟ್ಟು, ಎರಡೂ ಗೆರೆಗಳನ್ನು ಕಣ್ಣಲ್ಲೇ ಮುಂದಕ್ಕೆ ಎಳೆದು ನೋಡಿದೆವು. ಅವು ಸೇರಿದ್ದು ಬಾವಿಯ ಬಾಯಿಯ ನಡುಮಧ್ಯದಲ್ಲಿ, ರಾಟೆಯ ಕೆಳಗೆ.

ಕೊಡಪಾನ ಹಿಡಿದು ಬಂದ ಮನೆಯ ಹಿರಿಯಮ್ಮ ನಮ್ಮ ಕೈಸನ್ನೆಗಳನ್ನು ಸ್ವಲ್ಪ ಹೊತ್ತು ನೋಡಿದರು.

"ಎಂತ ಮಾರಾಯ್ರೇ, ರಸ್ತೆಯನ್ನು ಸೀದಾ ನಮ್ಮ ಬಾವಿಗೇ ತರ್ತೀರಾ?"

"ಇಲ್ಲಮ್ಮ. ಮೂಲೆ ಮಾತ್ರ ಬಾವಿಯೊಳಗೆ ಬಿದ್ದದ್ದು. ರಸ್ತೆ ಮೂಲೆಯವರೆಗೆ ಬರುವುದೇ ಇಲ್ಲ."

ಅವರಿಗೆ ಇದು ಹಾರಿಕೆಯ ಉತ್ತರದ ಹಾಗೆ ಕೇಳಿಸಿರಬೇಕು. ಆದರೆ ತಿರುವು ಹಾಕುವ ಕೆಲಸವೆಲ್ಲ ಇರುವುದು ಇದರಲ್ಲೇ. ಎರಡು ನೇರ ಗೆರೆಗಳು ಕೂಡುವ ಮೂಲೆಯನ್ನು ಬಿಟ್ಟುಕೊಟ್ಟು, ಒಂದು ಗೆರೆಯಿಂದ ಇನ್ನೊಂದಕ್ಕೆ ವೃತ್ತದ ಒಂದು ತುಂಡಿನ ಮೇಲೆ ನಯವಾಗಿ ದಾಟಬೇಕು. ಆ ತುಂಡು ಎರಡೂ ಗೆರೆಗಳನ್ನು ಮುಟ್ಟುವ ಜಾಗದಲ್ಲಿ ಗೆರೆಗಳೇ ವೃತ್ತಕ್ಕೆ ಸ್ಪರ್ಶಕಗಳು. ಹೈಸ್ಕೂಲಿನಲ್ಲಿ ಕಂಪಾಸಿನಿಂದ ಗೀಚಿದ ಅದೇ ಚಿತ್ರ. ಹೊಲದಲ್ಲಿ ಆ ಕಂಪಾಸಿನ ಮುಳ್ಳು ಚುಚ್ಚುವ ಜಾಗವೇ ಕೈಗೆ ಸಿಗುವುದಿಲ್ಲ, ವ್ಯತ್ಯಾಸ ಅಷ್ಟೇ. ನಮ್ಮ ವೃತ್ತದ ಕೇಂದ್ರ ತೋಡಿನಾಚೆಯ ತೋಟದಲ್ಲಿ ಎಲ್ಲೋ ಇತ್ತು. ಅಲ್ಲಿ ನಿಂತು 90 ಮೀಟರ್ ಹಗ್ಗ ಸುತ್ತಿಸಲು ಯಾವ ಅಡಿಕೆ ಮರವೂ ದಾರಿ ಬಿಡುವುದಿಲ್ಲ.

90 ಮೀಟರ್ ಏಕೆ ಎಂದರೆ, ಗ್ರಾಮೀಣ ರಸ್ತೆಗಳಿಗಾಗಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2002ರಲ್ಲಿ ತಂದ ಕೈಪಿಡಿ ಬಯಲು ನೆಲದಲ್ಲಿ ಹಳ್ಳಿ ರಸ್ತೆಯ ತಿರುವಿಗೆ ಎರಡು ತ್ರಿಜ್ಯ ಹೇಳುತ್ತದೆ. ಸಾಮಾನ್ಯವಾಗಿ ಪಾಲಿಸಬೇಕಾದ ಕನಿಷ್ಠ 90 ಮೀಟರ್, ಬೇರೆ ದಾರಿಯೇ ಇಲ್ಲದಾಗ 60. ಇವು ಗಾಳಿಯಲ್ಲಿ ಹುಟ್ಟಿದ ಅಂಕಿಗಳಲ್ಲ. ತಿರುವಿನ ಹೊರಮಗ್ಗುಲನ್ನು ನೂರಕ್ಕೆ 7ರಷ್ಟು ಎತ್ತರಿಸಿ, ಟಯರಿನ ಅಡ್ಡ ಹಿಡಿತವನ್ನು 0.15 ಎಂದು ಲೆಕ್ಕ ಹಿಡಿದರೆ

R = V² / 127(e + f)

ಎಂಬ ಸೂತ್ರ ಗಂಟೆಗೆ 50 ಕಿ.ಮೀ. ವೇಗಕ್ಕೆ 89.5 ಮೀಟರ್ ಕೊಡುತ್ತದೆ, 40 ಕಿ.ಮೀ. ವೇಗಕ್ಕೆ 57.3. ಅವನ್ನೇ ಮೇಲಕ್ಕೆ ಸರಿಹೊಂದಿಸಿ 90 ಮತ್ತು 60 ಮಾಡಿದ್ದಾರೆ.

ಬಾವಿಯ ಭವಿಷ್ಯ ನಿಂತಿದ್ದದ್ದು ಇದರ ಮೇಲೆ. ತ್ರಿಜ್ಯ ಹೆಚ್ಚಾದಷ್ಟೂ ತಿರುವು ಮೂಲೆಯಿಂದ ದೂರ ಸರಿಯುತ್ತದೆ. ನಮ್ಮ ಎರಡು ಗೆರೆಗಳ ನಡುವಿನ ಹೊರಳು 38 ಡಿಗ್ರಿ. 60 ಮೀಟರ್ ತ್ರಿಜ್ಯ ಹಾಕಿದರೆ ರಸ್ತೆಯ ನಡುಗೆರೆ ಮೂಲೆಯಿಂದ 3.46 ಮೀಟರ್ ದೂರದಲ್ಲಿ ಹಾಯುತ್ತದೆ, 90 ಹಾಕಿದರೆ 5.19 ಮೀಟರ್ ದೂರದಲ್ಲಿ. ಅಂಚುಗಳೂ ಸೇರಿ ರಸ್ತೆಯ ಅಗಲ 6 ಮೀಟರ್, ಅಂದರೆ ನಡುಗೆರೆಯಿಂದ ಅತ್ತ 3 ಇತ್ತ 3. 60ರ ತಿರುವಿನಲ್ಲಿ ರಸ್ತೆಯ ಅಂಚು ಬಾವಿಯ ಬಾಯಿಯ ಮೇಲೇ ಬರುತ್ತದೆ. 90ರ ತಿರುವಿನಲ್ಲಿ ಬಾವಿಕಟ್ಟೆ ಉಳಿಯುತ್ತದೆ, ಆದರೆ ಬಲಗಡೆಯ ಗದ್ದೆಯ ಅಂಚಿನಿಂದ ಅಷ್ಟೂ ಹೆಚ್ಚು ನೆಲ ಬೇಕು. ರಸ್ತೆ ದೊಡ್ಡದಾಗಿ ತಿರುಗಿದರೆ ಮನೆಗೆ ಹತ್ತಿರ ಬರುತ್ತದೆ ಎಂದು ಊರವರು ಅಂದುಕೊಳ್ಳುವುದು ಸಹಜ. ಆಗುವುದು ಉಲ್ಟಾ. ಗದ್ದೆಯೂ ಅದೇ ಮನೆಯವರದ್ದಾದ ಕಾರಣ ಮಾತುಕತೆ ಸಲೀಸಾಯಿತು. ಬೇರೆಯವರದ್ದಾಗಿದ್ದರೆ ಈ ಲೇಖನ ಭೂಮಿತಿಯ ಬಗ್ಗೆ ಇರುತ್ತಿರಲಿಲ್ಲ.

ಇನ್ನು ಮೂಲೆಯ ಕೆಲಸ. ಪಠ್ಯಪುಸ್ತಕದಲ್ಲಾದರೆ ಥಿಯೋಡೊಲೈಟನ್ನು ಮೂಲೆಯ ಮೇಲೇ ನಿಲ್ಲಿಸಿ ಎರಡು ಗೆರೆಗಳ ನಡುವಿನ ಕೋನ ಅಳೆಯುತ್ತಾರೆ. ಬಾವಿಯ ಬಾಯಿಯಲ್ಲಿ ಮುಕ್ಕಾಲಿ ಇಡುವುದು ಹೇಗೆ? ನಮ್ಮ ಕರಾವಳಿಯಲ್ಲಿ ಮೂಲೆ ಹೀಗೆ ಕೈಗೆ ಸಿಗದ ಜಾಗದಲ್ಲಿ ಬೀಳುವುದೇ ಹೆಚ್ಚು. ಒಮ್ಮೆ ನೀರು ನಿಂತ ಗದ್ದೆ, ಒಮ್ಮೆ ಮುರಕಲ್ಲು ಕಡಿದು ಬಿಟ್ಟ ಹೊಂಡ, ಒಮ್ಮೆ ನಾಗಬನ. ನಾಗಬನದೊಳಗೆ ಗೂಟ ಹೊಡೆಯುತ್ತೇನೆ ಎನ್ನುವ ಇಂಜಿನಿಯರ್ ಉಡುಪಿ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ.

ಅದಕ್ಕೆ ಸುತ್ತುದಾರಿ ಇದೆ. ಮೊದಲ ಗೆರೆಯ ಮೇಲೆ ಬಾವಿಗಿಂತ ಹಿಂದೆ ಅ ಎಂಬ ಗೂಟ, ಎರಡನೆಯ ಗೆರೆಯ ಮೇಲೆ ಬಾವಿ ದಾಟಿದ ಮೇಲೆ ಬ ಎಂಬ ಗೂಟ. ಕೊಯ್ಲು ಮುಗಿದಿದ್ದರಿಂದ ಇವೆರಡರ ನಡುವೆ ಗದ್ದೆಯ ಮೇಲೆ ನೇರವಾಗಿ ಟೇಪು ಹಿಡಿಯಲು ಅಡ್ಡಿ ಇರಲಿಲ್ಲ. ಸ್ಟೀಲ್ ಟೇಪಿನಲ್ಲಿ ಹೋಗಿ ಒಮ್ಮೆ, ಬಂದು ಒಮ್ಮೆ ಅಳೆದಾಗ 50.00 ಮೀಟರ್. ಅ ಗೂಟದಲ್ಲಿ ನಿಂತು ಮೊದಲ ಗೆರೆಯಿಂದ ಬ ಕಡೆಗೆ ಹೊರಳಬೇಕಾದ ಕೋನ 16 ಡಿಗ್ರಿ, ಬ ಗೂಟದಲ್ಲಿ ನಿಂತು ಆ ಅಡ್ಡಗೆರೆಯಿಂದ ಎರಡನೆಯ ಗೆರೆಗೆ ಹೊರಳಬೇಕಾದ ಕೋನ 22 ಡಿಗ್ರಿ. ಎರಡೂ ಕೂಡಿದರೆ ಒಟ್ಟು ಹೊರಳು 38. ಈಗ ಅ, ಬ ಮತ್ತು ಬಾವಿಯೊಳಗಿನ ಮೂಲೆ ಸೇರಿ ಒಂದು ತ್ರಿಕೋನ. ಒಂದು ಬಾಹುವೂ ಕೋನಗಳೂ ಗೊತ್ತಿರುವುದರಿಂದ ಉಳಿದ ಬಾಹುಗಳು ಸೈನ್ ನಿಯಮದಿಂದ ಸಿಗುತ್ತವೆ:

50 × sin 22° / sin 38° = 30.42

50 × sin 16° / sin 38° = 22.39

ಅ ಗೂಟದಿಂದ ಮೂಲೆಗೆ 30.42 ಮೀಟರ್, ಬ ಗೂಟದಿಂದ ಮೂಲೆಗೆ 22.39. ಯಾರೂ ಬಾವಿಗೆ ಇಣುಕದೆಯೇ ಬಾವಿಯ ನಡುವಿನ ಬಿಂದು ಲೆಕ್ಕಕ್ಕೆ ಬಂತು.

ತಿರುವು ಮೂಲೆಯಿಂದ ಎಷ್ಟು ಹಿಂದೆ ಶುರುವಾಗಬೇಕು ಎನ್ನುವುದಕ್ಕೆ T = R tan(Δ/2). 90 ಮೀಟರನ್ನು 19 ಡಿಗ್ರಿಯ ಟ್ಯಾನ್‌ನಿಂದ ಗುಣಿಸಿದರೆ 30.99. ಅಂದರೆ ತಿರುವು ಶುರುವಾಗುವ ಗೂಟ ಅ ಗೂಟಕ್ಕಿಂತ ಬರೀ 57 ಸೆಂಟಿಮೀಟರ್ ಹಿಂದೆ. ಮುಗಿಯುವ ಗೂಟ ಬ ಗೂಟಕ್ಕಿಂತ 8.60 ಮೀಟರ್ ಮುಂದೆ. ಎರಡನ್ನೂ ಹೊಡೆದು ತಲೆಗೆ ಮೊಳೆ ಬಡಿದೆವು. ಮುಗಿಯುವ ಗೂಟವನ್ನು ತಿರುವಿನ ಮೇಲೆ ಅಳೆದುಕೊಂಡು ಹೋಗಿ ಹುಡುಕಿದ್ದಲ್ಲ, ಬೇರೆಯದೇ ದಾರಿಯಿಂದ, ಬ ಕಡೆಯಿಂದ ಬಂದು ನೆಟ್ಟದ್ದು. ಮುಂದೆ ನಮ್ಮ ತಪ್ಪನ್ನು ಹಿಡಿದುಕೊಟ್ಟದ್ದು ಅದೇ.

ಕೇಂದ್ರಕ್ಕೆ ಹೋಗದೆ ವೃತ್ತ ಎಳೆಯುವ ಉಪಾಯವನ್ನು ಇಂಜಿನಿಯರುಗಳು ರಾಂಕಿನ್ ಹೆಸರಿನಿಂದ ಕರೆಯುತ್ತಾರೆ. ಸ್ಕಾಟ್ಲೆಂಡಿನ ವಿಲಿಯಂ ರಾಂಕಿನ್ 1840ರ ಆಸುಪಾಸಿನಲ್ಲಿ, ಇನ್ನೂ ಇಪ್ಪತ್ತರ ಹರೆಯದಲ್ಲಿ, ಐರ್ಲೆಂಡಿನ ಡಬ್ಲಿನ್ ಮತ್ತು ಡ್ರೊಹೆಡಾ ನಡುವಿನ ರೈಲು ಮಾರ್ಗದ ಕೆಲಸದಲ್ಲಿದ್ದಾಗ ಇದನ್ನು ರೂಪಿಸಿದ. ಮುಂದೆ ಉಗಿಯಂತ್ರದ ಸಿದ್ಧಾಂತದಲ್ಲೂ ಗೋಡೆಯ ಹಿಂದಿನ ಮಣ್ಣಿನ ಒತ್ತಡದ ಲೆಕ್ಕದಲ್ಲೂ ಹೆಸರು ಮಾಡಿದವನು ಇದೇ ರಾಂಕಿನ್. ಸಿವಿಲ್ ಓದುವ ಮಕ್ಕಳಿಗೆ ಅವನ ಕಾಟ ಒಂದೆರಡು ವಿಷಯಕ್ಕೆ ಮುಗಿಯುವುದಿಲ್ಲ.

ಉಪಾಯ ಇಷ್ಟೇ. ತಿರುವು ಶುರುವಾಗುವ ಬಿಂದುವಿನಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ವೃತ್ತದ ಮೇಲಿನ ಯಾವುದೋ ಒಂದು ಬಿಂದುವಿಗೆ ನಿಮ್ಮ ಕಾಲಬುಡದಿಂದ ಒಂದು ಜ್ಯಾ ಎಳೆಯಿರಿ. ಆ ಎರಡು ಬಿಂದುಗಳಿಗೂ ಕೇಂದ್ರದಿಂದ ತ್ರಿಜ್ಯಗಳನ್ನು ಎಳೆದರೆ ಎರಡು ಬಾಹು ಸಮನಾದ ತ್ರಿಕೋನವಾಗುತ್ತದೆ. ಕೇಂದ್ರದಲ್ಲಿ 10 ಡಿಗ್ರಿ ಇದ್ದರೆ ಉಳಿದ 170 ಡಿಗ್ರಿ ಎರಡು ಪಾಲಾಗಿ ನಿಮ್ಮ ಬಳಿ 85. ಆದರೆ ಸ್ಪರ್ಶಕಕ್ಕೂ ತ್ರಿಜ್ಯಕ್ಕೂ ನಡುವೆ ಯಾವತ್ತೂ 90. ಹಾಗಾದರೆ ಸ್ಪರ್ಶಕಕ್ಕೂ ಜ್ಯಾಗೂ ನಡುವೆ ಉಳಿಯುವುದು 5, ಕೇಂದ್ರದ ಕೋನದ ಸರಿಯರ್ಧ. ದೂರದ ತೋಟದೊಳಗೆ ಅಡಗಿರುವ ಕೇಂದ್ರದ ಕೋನವನ್ನು ರಸ್ತೆಯ ಮೇಲೆ ನಿಂತೇ ಅರ್ಧ ಮಾಡಿ ಅಳೆಯಬಹುದು. ಈ ಅರ್ಧ ಕೋನವೇ ಡಿಫ್ಲೆಕ್ಷನ್ ಕೋನ.

ಕಂಸದ ಉದ್ದ C ಆದರೆ ಅದಕ್ಕೆ ತಕ್ಕ ಡಿಫ್ಲೆಕ್ಷನ್ ಕೋನ, ನಿಮಿಷಗಳಲ್ಲಿ:

δ = 1718.87 × C / R

ಈ 1718.87 ನೋಡಲು ವಿಚಿತ್ರ. ತ್ರಿಜ್ಯದಷ್ಟೇ ಉದ್ದದ ಕಂಸ ಕೇಂದ್ರದಲ್ಲಿ ಮಾಡುವ ಕೋನವನ್ನು ನಿಮಿಷಕ್ಕೆ ಇಳಿಸಿದರೆ 3437.75, ಅದರ ಅರ್ಧ ಇದು. ಬೇರೇನೂ ಮಂತ್ರವಿಲ್ಲ.

ನಮ್ಮ ಲೆಕ್ಕಕ್ಕೆ ಬರೋಣ. ರಸ್ತೆಯ ಆರಂಭದಿಂದ ಅಳೆದುಕೊಂಡು ಬಂದ ದೂರಕ್ಕೆ ಚೈನೇಜ್ ಎನ್ನುತ್ತೇವೆ. ತಿರುವು ಶುರುವಾಗುವ ಗೂಟ 326.01ರಲ್ಲಿ ಬಿತ್ತು. ತಿರುವಿನ ಉದ್ದ 59.69 ಮೀಟರ್, ಹಾಗಾಗಿ ಮುಗಿಯುವುದು 385.70ರಲ್ಲಿ. ಗೂಟಗಳು 330, 340, 350 ಹೀಗೆ ಹತ್ತರ ಮೇಲೆ ಬಂದರೆ ಮುಂದೆ ಮಟ್ಟ ತೆಗೆಯುವವನಿಗೂ ಜಲ್ಲಿ ಲೆಕ್ಕ ಬರೆಯುವವನಿಗೂ ಸುಲಭ. ಆದ್ದರಿಂದ ಮೊದಲ ತುಂಡು 3.99 ಮೀಟರ್, ಆಮೇಲೆ ಐದು ಹತ್ತರ ತುಂಡು, ಕೊನೆಗೆ 5.70. ನಾವು ಕಂಸದ ಉದ್ದವನ್ನು ನೇರ ಟೇಪಿನಲ್ಲಿ ಅಳೆಯುತ್ತೇವಲ್ಲ, ಅದು ತಪ್ಪಲ್ಲವೇ ಎಂದರೆ ತಪ್ಪೇ. ಆದರೆ 90 ಮೀಟರ್ ತ್ರಿಜ್ಯದಲ್ಲಿ 10 ಮೀಟರ್ ಕಂಸಕ್ಕೂ ಅದರ ಜ್ಯಾಗೂ ಇರುವ ವ್ಯತ್ಯಾಸ 5 ಮಿಲಿಮೀಟರ್, ಅಷ್ಟನ್ನು ಟೇಪಿನಲ್ಲಿ ಕಳೆದೇ ಹಿಡಿಯುತ್ತೇವೆ. 20 ಮೀಟರ್ ತುಂಡು ಮಾಡಿದ್ದರೆ 4 ಸೆಂಟಿಮೀಟರ್ ಆಗುತ್ತಿತ್ತು. ಬಿಗಿ ತಿರುವಿನಲ್ಲಿ ಗೂಟಗಳನ್ನು ಒತ್ತೊತ್ತಾಗಿ ಹಾಕುವುದು ಇದಕ್ಕೇ.

ಪ್ರತಿ ತುಂಡಿನ ಕೋನವನ್ನು ಹಿಂದಿನದಕ್ಕೆ ಕೂಡಿಸುತ್ತ ಹೋದರೆ ಫೀಲ್ಡ್ ಬುಕ್ಕಿನಲ್ಲಿ ಈ ಪಟ್ಟಿ ಸಿದ್ಧ:

330 — 1° 16′ 12″
340 — 4° 27′ 11″
350 — 7° 38′ 10″
360 — 10° 49′ 10″
370 — 14° 00′ 09″
380 — 17° 11′ 08″
385.70 — 19° 00′ 00″

ಕೊನೆಯ ಸಾಲು ಒಟ್ಟು ಹೊರಳಿನ ಅರ್ಧ, ಅಂದರೆ 19 ಡಿಗ್ರಿ ಬರಲೇಬೇಕು. ಬಾರದಿದ್ದರೆ ಕೂಡಿಕೆ ತಪ್ಪಿದೆ, ಹೊಲಕ್ಕೆ ಕಾಲಿಡಬೇಡಿ. ಈ ಪಟ್ಟಿ ಬಲಕ್ಕೆ ಹೊರಳುವ ತಿರುವಿಗೆ. ಎಡ ತಿರುವಾದರೆ ಒಂದೊಂದನ್ನೂ 360 ಡಿಗ್ರಿಯಿಂದ ಕಳೆದು ಬರೆದುಕೊಳ್ಳಬೇಕು, ಏಕೆಂದರೆ ಉಪಕರಣದ ಅಂಕಿಗಳು ಬಲಕ್ಕೆ ಮಾತ್ರ ಏರುತ್ತವೆ.

ಆ ದಿನ ಟೋಟಲ್ ಸ್ಟೇಷನ್ ಬೇರೆ ಕೆಲಸಕ್ಕೆ ಹೋಗಿತ್ತು. ನಮ್ಮ ಪಾಲಿಗೆ ಬಂದದ್ದು ಕಪಾಟಿನಲ್ಲಿ ಧೂಳು ಹಿಡಿದಿದ್ದ ಹಳೆಯ ವರ್ನಿಯರ್ ಥಿಯೋಡೊಲೈಟ್. ಅದು ತೋರಿಸಬಲ್ಲ ಅತಿ ಚಿಕ್ಕ ಕೋನ 20 ಸೆಕೆಂಡ್. ಪಟ್ಟಿಯ 1° 16′ 12″ ಅದರಲ್ಲಿ ಕೂರುವುದಿಲ್ಲ, ಹತ್ತಿರದ 1° 16′ 20″ ಕೂರಿಸಬೇಕು. ಗಾಬರಿ ಬೇಡ. ಇಡೀ 20 ಸೆಕೆಂಡ್ ತಪ್ಪಿದರೂ 60 ಮೀಟರ್ ದೂರದಲ್ಲಿ ಗೂಟ ಸರಿಯುವುದು 6 ಮಿಲಿಮೀಟರ್, ಗೂಟದ ತಲೆಯ ಮೊಳೆಯ ಅಗಲ.

ಸೆಕೆಂಡುಗಳಿಗಿಂತ ಹೆಚ್ಚು ಕಾಡುವುದು ನೆಲ. ಕಾಪುವಿನ ಕಡಲ ಕಡೆಯ ಹೊಯಿಗೆಯಲ್ಲಿ ಮುಕ್ಕಾಲಿಯ ಒಂದು ಕಾಲು ಸದ್ದಿಲ್ಲದೆ ಇಳಿಯುತ್ತಿರುತ್ತದೆ. ನಾಲ್ಕನೆಯ ಗೂಟಕ್ಕೆ ಬರುವಷ್ಟರಲ್ಲಿ ಗುಳ್ಳೆ ನಡು ಬಿಟ್ಟು ಒಂದು ಬದಿಗೆ ಓಡಿರುತ್ತದೆ. ಮಣಿಪಾಲದ ಗುಡ್ಡೆಯ ಮುರಕಲ್ಲಿನಲ್ಲಿ ಮುಕ್ಕಾಲಿ ಗಟ್ಟಿ ನಿಲ್ಲುತ್ತದೆ, ಆದರೆ ಮರದ ಗೂಟ ಒಳಗಿಳಿಯುವುದಿಲ್ಲ. ತುದಿ ಚಪ್ಪಟೆಯಾಗಿ ಪಕ್ಕಕ್ಕೆ ಜಾರುತ್ತದೆ. ಅಲ್ಲಿ ಕಬ್ಬಿಣದ ಮೊಳೆಯೇ ಆಗಬೇಕು. ಕಾರ್ಕಳದ ಕರಿಬಂಡೆಯ ಮೇಲೆ ಇನ್ನೊಂದು ತಾಪತ್ರಯ. ಕಾಲುಗಳ ಮೊನೆ ಕಚ್ಚುವುದಿಲ್ಲ, ಉಳಿಯಿಂದ ಮೂರು ಗುಳಿ ಹೊಡೆದುಕೊಂಡು ಅದರಲ್ಲಿ ಊರಬೇಕು. ನಮ್ಮ ಗದ್ದೆ ಬದಿಯ ರಸ್ತೆ ಇವೆಲ್ಲದಕ್ಕಿಂತ ಸೌಮ್ಯ, ಬೆಳಗ್ಗೆ ಎಂಟಕ್ಕೇ ಶುರು ಮಾಡಿದರೆ. ಬಿಸಿಲೇರಿದ ಮೇಲೆ ದುರ್ಬೀನಿನಲ್ಲಿ ರಾಡಿನ ಬುಡ ನೀರಿನಲ್ಲಿ ನಿಂತ ಹಾಗೆ ಕುಣಿಯುತ್ತದೆ.

ತೂಗುಗುಂಡು ಮೊಳೆಯ ತಲೆಯ ಮೇಲೆ ಬರುವ ಹಾಗೆ ಉಪಕರಣ ನಿಲ್ಲಿಸಿ, ಗುಳ್ಳೆ ನಡುವಿಗೆ ತಂದು, ಮುಂದಿನ ಗೆರೆಯ ದಿಕ್ಕಿಗೆ ಸೊನ್ನೆ ಕೂರಿಸಬೇಕು. ಮುಂದೆ ಇರುವುದು ಬಾವಿ, ಅಲ್ಲಿ ರಾಡ್ ಹಿಡಿಯುವಂತಿಲ್ಲ. ಜೊತೆಗಿದ್ದ ಹುಡುಗ, "ಸರ್, ಅ ಗೂಟ ಇಲ್ಲೇ ಉಂಟಲ್ಲ, ಅದಕ್ಕೇ ಹಿಡಿಯುವ" ಎಂದ. ಗೆರೆಯ ಮೇಲೆಯೇ ಇದೆ, ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಅದು ಇರುವುದು 57 ಸೆಂಟಿಮೀಟರ್ ದೂರದಲ್ಲಿ. ಅಷ್ಟು ಹತ್ತಿರಕ್ಕೆ ದುರ್ಬೀನು ಸ್ಪಷ್ಟವಾಗಿ ಕಾಣುವುದೂ ಇಲ್ಲ, ಹೇಗೋ ಮಾಡಿ ನೋಡಿದರೂ ಅಲ್ಲಿ 2 ಮಿಲಿಮೀಟರ್ ತಪ್ಪಿದರೆ ಕೋನದಲ್ಲಿ 12 ನಿಮಿಷ ತಪ್ಪುತ್ತದೆ. ಅದೇ 12 ನಿಮಿಷ ತಿರುವಿನ ಕೊನೆಯಲ್ಲಿ 20 ಸೆಂಟಿಮೀಟರ್. ಗುರಿ ಯಾವತ್ತೂ ದೂರದ್ದಿರಬೇಕು. ಹಾಗಾಗಿ ಹಿಂದಕ್ಕೆ ತಿರುಗಿ, ಬಂದ ಗೆರೆಯ ಮೇಲೆ ಐವತ್ತು ಅರವತ್ತು ಮೀಟರ್ ಆಚೆ ನೆಟ್ಟ ರಾಡಿಗೆ ಸೊನ್ನೆ ಹಿಡಿದು, ದುರ್ಬೀನನ್ನು ಮೇಲಿನಿಂದ ಮಗುಚಿದೆವು. ಆಗ ಅದು ತಾನಾಗಿ ಮುಂದಿನ ಗೆರೆಯನ್ನು ನೋಡುತ್ತದೆ, ಬಾವಿಯ ಮೇಲೆ ಹಾದು. ಉಪಕರಣದ ದೃಷ್ಟಿಗೆರೆ ಸ್ವಲ್ಪ ವಾರೆ ಇದ್ದರೆ ಮಗುಚಿದಾಗ ಆ ವಾರೆ ಎರಡರಷ್ಟಾಗುತ್ತದೆ. ಆದ್ದರಿಂದ ಎರಡೂ ಮುಖದಲ್ಲಿ ಮಗುಚಿ ನೋಡಿ, ಬಿದ್ದ ಎರಡು ಗುರುತುಗಳ ನಡುವನ್ನು ಹಿಡಿಯಬೇಕು.

ಅಲ್ಲಿಂದ ಮುಂದೆ ಕೆಲಸಕ್ಕೊಂದು ಲಯ ಬರುತ್ತದೆ. ಕೋನ 1° 16′ 20″ ಕೂರಿಸಿ ಕ್ಲ್ಯಾಂಪ್ ಬಿಗಿ. ಟೇಪಿನ ಸೊನ್ನೆ ಆರಂಭದ ಮೊಳೆಯ ಮೇಲೆ, 3.99ರಲ್ಲಿ ರಾಡ್ ಹಿಡಿದ ಹುಡುಗ ಟೇಪು ಬಿಗಿಯಾಗಿಟ್ಟುಕೊಂಡೇ ಆಚೀಚೆ ಸರಿಯುತ್ತಾನೆ. ದುರ್ಬೀನಿನ ಕೂದಲೆಳೆ ಗೆರೆ ರಾಡಿನ ಬುಡವನ್ನು ಸೀಳಿದಾಗ ಕೈ ಕೆಳಗೆ, ಗೂಟ ಒಳಗೆ. ರಾಡಿನ ತಲೆಯನ್ನಲ್ಲ, ಬುಡವನ್ನು ನೋಡಬೇಕು. ತಲೆ ಯಾವಾಗಲೂ ಸ್ವಲ್ಪ ವಾಲಿರುತ್ತದೆ. ಮುಂದಿನ ಗೂಟಕ್ಕೆ ಕೋನ 4° 27′ 20″, ಟೇಪಿನ ಸೊನ್ನೆ ಈಗ 330ರ ಗೂಟದ ಮೇಲೆ, ಉದ್ದ 10ಕ್ಕೆ ಆ 5 ಮಿಲಿಮೀಟರ್ ಕಡಿಮೆ.

ಕೋನ ಪ್ರತಿ ಸಲವೂ ಆರಂಭದ ಗೂಟದಿಂದ, ದೂರ ಪ್ರತಿ ಸಲವೂ ಹಿಂದಿನ ಗೂಟದಿಂದ. ಎಲ್ಲರೂ ಮುಗ್ಗರಿಸುವುದು ಇಲ್ಲೇ. ಮಣಿಪಾಲದಲ್ಲಿ ಓದುವಾಗ ನಾನೂ ಮುಗ್ಗರಿಸಿದ್ದೆ. ಎಲ್ಲ ಕೋನವೂ ಒಂದೇ ಕಡೆಯಿಂದ ಎಂದ ಮೇಲೆ ದೂರವೂ ಅಲ್ಲಿಂದಲೇ ಇರಬೇಕೆಂದು ಟೇಪನ್ನು ಆರಂಭದ ಗೂಟದಲ್ಲೇ ಬಿಟ್ಟು ಕಂಸದ ಪೂರ್ತಿ ಉದ್ದ ಎಳೆದಿದ್ದೆ. ಈ ಬಾವಿಯ ತಿರುವಿನಲ್ಲಿ ಹಾಗೆ ಮಾಡಿದ್ದರೆ 380ರ ಗೂಟ ಏನಾಗುತ್ತಿತ್ತು? ಅಲ್ಲಿಗೆ ಕಂಸದ ಮೇಲೆ 53.99 ಮೀಟರ್, ಆದರೆ ಆರಂಭದಿಂದ ನೇರ ದೂರ 53.18 ಮಾತ್ರ. ಗೂಟ 80 ಸೆಂಟಿಮೀಟರ್ ಆಚೆ ಬೀಳುತ್ತಿತ್ತು. ಮೊದಲ ಎರಡು ಮೂರು ಗೂಟಗಳಲ್ಲಿ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ, ಆಮೇಲೆ ಗೂಟಗಳ ಸಾಲು ಮೆಲ್ಲಗೆ ಹೊರಗೆ ಬಾಗುತ್ತ ಹೋಗುತ್ತದೆ.

ಗೂಟ ಕಾಣದೆ ಹೋದರೆ? ಕಾರ್ಕಳದ ಕಡೆ ಇನ್ನೊಂದು ರಸ್ತೆಯಲ್ಲಿ ತಿರುವಿನ ಒಳಮಗ್ಗುಲಲ್ಲಿ ಆನೆಯಷ್ಟು ದೊಡ್ಡ ಬಂಡೆ ಕೂತಿತ್ತು. ಅರ್ಧ ತಿರುವಿನ ಮೇಲೆ ಏನೂ ಕಾಣದು. ಆಗ ಉಪಕರಣವನ್ನು ಹೊತ್ತು ಈಗಾಗಲೇ ಹೊಡೆದ ಒಂದು ಗೂಟದ ಮೇಲೆ ನಿಲ್ಲಿಸಬಹುದು. ಬಾವಿಯ ತಿರುವಿನ ಪಟ್ಟಿಯಲ್ಲೇ ಹೇಳುವುದಾದರೆ, 360ರ ಗೂಟಕ್ಕೆ ಹೋಗಿ, ಆರಂಭದ ಗೂಟಕ್ಕೆ ಸೊನ್ನೆ ಹಿಡಿದು, ದುರ್ಬೀನು ಮಗುಚಿ, 370ಕ್ಕೆ ಪಟ್ಟಿಯಲ್ಲಿರುವ ಅದೇ 14 ಡಿಗ್ರಿ ಕೂರಿಸಿದರೆ ಸಾಕು. ಹೊಸ ಲೆಕ್ಕವೇ ಬೇಡ. ಮಗುಚಿದ ಗೆರೆಯಿಂದ 360ರ ಸ್ಪರ್ಶಕಕ್ಕೆ 10° 49′, ಸ್ಪರ್ಶಕದಿಂದ ಮುಂದಿನ ಗೂಟಕ್ಕೆ 3° 11′, ಎರಡೂ ಕೂಡಿದರೆ ಪಟ್ಟಿಯ ಅಂಕಿಯೇ. ಈ ಪದ್ಧತಿಯಲ್ಲಿ ನನಗೆ ಅತಿ ಇಷ್ಟವಾದದ್ದು ಇದು.

ಮತ್ತೆ ಬಾವಿಗೆ. 380ರ ಗೂಟವೂ ಮುಗಿದು, ಕೊನೆಯ 19 ಡಿಗ್ರಿ ಕೂರಿಸಿ ನೋಡಿದೆ. ಕೂದಲೆಳೆ ಗೆರೆ, ನಾವು ಬೆಳಗ್ಗೆ ಬ ಕಡೆಯಿಂದ ನೆಟ್ಟ ಮುಗಿಯುವ ಗೂಟದ ಮೊಳೆಯನ್ನು ನೇರ ಸೀಳಿತು. ಖುಷಿಯಾಯಿತು. ಆದರೆ 380ರಿಂದ 5.70 ಮೀಟರ್ ಟೇಪು ಹಿಡಿದಾಗ ತುದಿ ಬಿದ್ದದ್ದು ಮೊಳೆ ದಾಟಿ 6 ಸೆಂಟಿಮೀಟರ್ ಆಚೆ. ಅದೂ ಅದೇ ದೃಷ್ಟಿಗೆರೆಯ ಮೇಲೆ, ಎಡಕ್ಕೂ ಅಲ್ಲ ಬಲಕ್ಕೂ ಅಲ್ಲ.

ತಪ್ಪು ಬಿದ್ದ ದಿಕ್ಕು ನೋಡಿದರೆ ಅದು ಎಲ್ಲಿಂದ ಬಂತೆಂದು ತಿಳಿಯುತ್ತದೆ. ಸೊನ್ನೆ ತಪ್ಪಾಗಿ ಹಿಡಿದಿದ್ದರೆ ಇಡೀ ತಿರುವು ಆರಂಭದ ಗೂಟವನ್ನು ಕೀಲಾಗಿಸಿಕೊಂಡು ಬಾಗಿಲಿನ ಹಾಗೆ ಸುತ್ತುತ್ತದೆ. ಕೊನೆಯ ದೃಷ್ಟಿಗೆರೆ ಮೊಳೆಯ ಪಕ್ಕದಲ್ಲಿ ಹಾಯುತ್ತದೆ. ಅ ಗೂಟಕ್ಕೆ ಗುರಿ ಹಿಡಿದಿದ್ದರೆ ಆಗಬಹುದಾಗಿದ್ದದ್ದು ಅದೇ. ಟೇಪು ತಪ್ಪಿದ್ದರೆ ಬೇರೆ ಲಕ್ಷಣ. ಪ್ರತಿ ತುಂಡೂ ಒಂದೇ ಪ್ರಮಾಣದಲ್ಲಿ ಉದ್ದವಾದರೆ, ಕೋನಗಳು ಸರಿಯಿರುವ ಕಾರಣ ತಿರುವಿನ ಆಕಾರ ಕೆಡುವುದಿಲ್ಲ, ಝೆರಾಕ್ಸ್ ಯಂತ್ರದಲ್ಲಿ ಸ್ವಲ್ಪ ದೊಡ್ಡದು ಮಾಡಿದ ಹಾಗೆ ಪೂರ್ತಿ ಹಿಗ್ಗುತ್ತದೆ. ಪ್ರತಿ ಗೂಟವೂ ತನ್ನ ದೃಷ್ಟಿಗೆರೆಯ ಮೇಲೇ ಇರುತ್ತದೆ, ಒಂದಿಷ್ಟು ಮುಂದೆ. ಆರಂಭದಿಂದ ಕೊನೆಗೆ ನೇರ ದೂರ 58.60 ಮೀಟರ್. ಅದರಲ್ಲಿ 6 ಸೆಂಟಿಮೀಟರ್ ಎಂದರೆ ಸಾವಿರಕ್ಕೆ ಒಂದು, 10 ಮೀಟರಿಗೆ ಒಂದು ಸೆಂಟಿಮೀಟರ್.

ಹುಡುಗರ ಕೈಯಲ್ಲಿದ್ದ ಟೇಪು ನೋಡಿದೆ. ಬೆಳಗ್ಗೆ ಗದ್ದೆ ಅಳೆದ ಸ್ಟೀಲ್ ಟೇಪು ಪೆಟ್ಟಿಗೆ ಸೇರಿತ್ತು. ಸುತ್ತಲು ಸಲೀಸೆಂದು ಫೈಬರ್ ಟೇಪು ಹೊರಗೆ ಬಂದಿತ್ತು, ಎಷ್ಟೋ ಮಳೆಗಾಲ ಎಳೆಸಿಕೊಂಡು ಮುದಿಯಾದದ್ದು. ಎರಡನ್ನೂ ನೆಲದ ಮೇಲೆ ಪಕ್ಕಪಕ್ಕ ಹಾಸಿದೆವು. ಫೈಬರಿನ 10 ಮೀಟರ್ ಗುರುತು ಸ್ಟೀಲಿನ 10.01ರ ಎದುರು ಬಂತು.

"ಇಷ್ಟಕ್ಕೆಲ್ಲ ಪುನಃ ಮಾಡ್ಬೇಕಾ ಸರ್?" ಎಂದ ಹುಡುಗ. ನ್ಯಾಯವಾಗಿ ನೋಡಿದರೆ ಬೇಡ. 90ರ ಬದಲು 90.09 ಮೀಟರ್ ತ್ರಿಜ್ಯದ ರಸ್ತೆಯಲ್ಲಿ ಯಾವ ಶಾಲಾ ಬಸ್ಸಿಗೂ ವ್ಯತ್ಯಾಸ ತಿಳಿಯದು. ಕಾರಣ ಗೊತ್ತಾಗದ 6 ಸೆಂಟಿಮೀಟರ್ ಆಗಿದ್ದರೆ ಖಂಡಿತ ಬಿಡುತ್ತಿರಲಿಲ್ಲ. ಇದರ ಕಾರಣ ಕೈಯಲ್ಲೇ ಇತ್ತು. ಆದರೂ ಉಪಕರಣ ಇನ್ನೂ ನಿಂತಿತ್ತು, ಬಿಸಿಲು ಅಷ್ಟೇನೂ ಏರಿರಲಿಲ್ಲ. ಸ್ಟೀಲ್ ಟೇಪಿನಲ್ಲಿ ಇನ್ನೊಮ್ಮೆ ಹೋದೆವು. ಈ ಸಲ ಮೊಳೆಯ ಹತ್ತಿರ ಒಂದು ಸೆಂಟಿಮೀಟರಿನೊಳಗೆ ಬಂದು ನಿಂತಿತು.

ಇನ್ನೊಂದು ಪರೀಕ್ಷೆ ಉಳಿದಿತ್ತು. ಆರಂಭದ ಗೂಟದಿಂದ ಮುಗಿಯುವ ಗೂಟಕ್ಕೆ ಗದ್ದೆಯ ಮೇಲೆ ನೇರ ದಾರ ಕಟ್ಟಿ, ಅದರ ನಡುವಿನಿಂದ, ಅಂದರೆ 29.30 ಮೀಟರಿನಿಂದ, ಲಂಬವಾಗಿ ಬಾವಿಯ ಕಡೆಗೆ ಅಳೆದರೆ ತಿರುವಿನ ನೆತ್ತಿ 4.90 ಮೀಟರಿನಲ್ಲಿ ಸಿಗಬೇಕು. 350 ಮತ್ತು 360ರ ಗೂಟಗಳ ನಡುವೆ ಸಿಕ್ಕಿತು. ಕೊನೆಗೆ ಮುಖ್ಯ ಗೂಟ ಒಂದೊಂದಕ್ಕೂ ರಸ್ತೆಯ ಹೊರಗೆ ಎರಡೆರಡು ಸಾಕ್ಷಿ ಗೂಟ ಹೊಡೆದು, ದೂರ ಬರೆದುಕೊಂಡೆವು. ಜೆಸಿಬಿ ಬಂದ ಮೊದಲ ಗಂಟೆಯಲ್ಲೇ ನಡುಗೆರೆಯ ಗೂಟಗಳೆಲ್ಲ ಮಣ್ಣಿನ ರಾಶಿ ಸೇರುತ್ತವೆ.

ದೊಡ್ಡ ರಸ್ತೆಯಾದರೆ ನೇರ ಗೆರೆಗೂ ವೃತ್ತಕ್ಕೂ ನಡುವೆ ನಿಧಾನವಾಗಿ ಬಾಗುವ ಇನ್ನೊಂದು ತುಂಡು ಬೇಕು, ಅದರ ಲೆಕ್ಕ ಬೇರೆ. ಟೋಟಲ್ ಸ್ಟೇಷನ್ ಇದ್ದಿದ್ದರೆ ಪ್ರತಿ ಗೂಟಕ್ಕೂ ಕೋನ ಮತ್ತು ದೂರ ಎರಡನ್ನೂ ತಾನೇ ಹೇಳಿ ಅರ್ಧ ಹೊತ್ತಿನಲ್ಲಿ ಮುಗಿಸುತ್ತಿತ್ತು. ಆಗ ಹಳೆಯ ಟೇಪು ಇನ್ನಷ್ಟು ವರ್ಷ ಸಿಕ್ಕಿಬೀಳದೆ ಓಡಾಡುತ್ತಿತ್ತು.

ಸಂಜೆ ನಡುಗೆರೆಯಿಂದ 3 ಮೀಟರ್ ಎಡಕ್ಕೆ ಸುಣ್ಣದ ಗೆರೆ ಹಾಕಿಕೊಂಡು ಬಂದಾಗ ಹಿರಿಯಮ್ಮ ಹೊರಗೆ ಬಂದು ನಿಂತಿದ್ದರು. ಬಾವಿಕಟ್ಟೆಯ ಹೊರ ಅಂಚಿಗೂ ಸುಣ್ಣದ ಗೆರೆಗೂ ನಡುವೆ ಸುಮಾರು 70 ಸೆಂಟಿಮೀಟರ್ ಉಳಿದಿತ್ತು. ಅವರು ಅದನ್ನು ಹೆಜ್ಜೆಯಲ್ಲೇ ಅಳೆದರು, ಒಂದೇ ಹೆಜ್ಜೆ. ಆಮೇಲೆ ಗೆರೆಯ ಆಚೆ, ರಸ್ತೆಯ ಪಾಲಿಗೆ ಹೋದ ಬಟ್ಟೆ ಒಗೆಯುವ ಕಲ್ಲನ್ನು ತೋರಿಸಿ, "ಅದನ್ನು ಈಚೆ ತಂದು ಹಾಕಿಸಿ ಕೊಡಿ, ಇಂಜಿನಿಯರ್ರೇ" ಎಂದರು. ಮರುದಿನ ಜೆಸಿಬಿಯ ಮೊದಲ ಕೆಲಸ ಅದೇ ಆಯಿತು.